ಒಂದು ಶರಣಿನ ಸಾಲ

ಹುಮನಾಬಾದಿನಲ್ಲಿ ನಮ್ಮ ನಾಟಕದ ತಾಲೀಮು ಶುರುವಾಗಿ ನಾಲ್ಕನೇ ದಿನ. ಹರಳಯ್ಯನ ಹೆಂಡತಿ ಕಲ್ಯಾಣಮ್ಮನ ಪಾತ್ರ ಮಾಡುವ ಅಕ್ಕ ಮದುವೆ ದೃಶ್ಯದ ನಡುವೆ ಆರತಿ ತಟ್ಟೆ ಕೆಳಗಿಟ್ಟು ಕೇಳಿದರು: "ಸರ, ತಾಟು ಹಿಡಕೊಂಡು ನಿಂದರೂದು ಬಿಟ್ರ ನಂದೇನ್ ಕೆಲಸ ಐತ್ರೀ ಇಲ್ಲಿ?" ನನ್ನ ಬಳಿ ಉತ್ತರವಿರಲಿಲ್ಲ.

ಹನ್ನೆರಡನೇ ಶತಮಾನದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ನಾಟಕಕಾರರಿಗೆ ಹಳೆಯ ಊರು. ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ' ಎಲ್ಲವೂ ಇಲ್ಲಿಗೇ ಬಂದವು. ಕಥೆ ಎಲ್ಲರಿಗೂ ಗೊತ್ತು: ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಂತ್ರಿ ಮಧುವರಸನ ಮಗಳು, ಬಿಜ್ಜಳನ ಕೋಪ, ಎರಡೂ ಮನೆಯ ತಂದೆಯರಿಗೆ ಎಳೆಹೂಟೆ ಶಿಕ್ಷೆ. ಇಂಥ ಕಥೆಯ ಹಂದರದಲ್ಲಿ ಸಂಘರ್ಷ ಕಡಿಮೆಯಾದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆ ರಾತ್ರಿ ಒಂದು ದೊಡ್ಡ ಹಾಳೆಯಲ್ಲಿ ಮನೆಗಳನ್ನು ಎಳೆದೆ. ಬಿಜ್ಜಳ, ಬಸವಣ್ಣ, ಜಗದೇವ, ಹರಳಯ್ಯ, ಕಲ್ಯಾಣಮ್ಮ, ಮಧುವರಸ, ಮದುಮಗ, ಮದುಮಗಳು ಎಂದು ಎಂಟು ಹೆಸರು ಅಡ್ಡಕ್ಕೆ, ಅವೇ ಎಂಟು ಉದ್ದಕ್ಕೆ. ಜೋಡಿಗಳು 28 ಆದರೂ ತುಂಬಬೇಕಾದ ಮನೆಗಳು 56. ಹರಳಯ್ಯ ಮಧುವರಸನಿಗೆ ಏನಾಗಬೇಕೋ ಅದೇ ಮಧುವರಸ ಹರಳಯ್ಯನಿಗೆ ಆಗಬೇಕಾಗಿಲ್ಲವಲ್ಲ. ಸಾಲಕ್ಕೆ ಕೆಂಪು ಮಸಿ, ಸಖ್ಯಕ್ಕೆ ಹಸಿರು, ಒಳಗಿನ ಕಸಿವಿಸಿಗೆ ಕಪ್ಪು. 'ಗೌರವ', 'ಪ್ರೀತಿ' ಎಂಬ ಒಂಟಿ ಪದ ಬರೆಯುವಂತಿಲ್ಲ. ಯಾರು ಯಾರಿಗೆ ಏನು ಕೊಟ್ಟರು, ಏನು ಬಾಕಿ ಇದೆ ಎಂದೇ ಬರೆಯಬೇಕು. ಗೌರವದಿಂದ ದೃಶ್ಯ ಹುಟ್ಟುವುದಿಲ್ಲ, ಬಾಕಿಯಿಂದ ಹುಟ್ಟುತ್ತದೆ.

ಬರೆದು ಮುಗಿಸಿ ಬಸವಣ್ಣನ ಅಡ್ಡಸಾಲು, ಉದ್ದಸಾಲು ಎರಡನ್ನೂ ಪಟ್ಟಿಯಿಂದ ಮುಚ್ಚಿದೆ. ಉಳಿದ ಹಾಳೆ ಬಹುಪಾಲು ಬೆಳ್ಳಗಿತ್ತು. ಎಲ್ಲರಿಗೂ ಬಸವಣ್ಣನ ಜೊತೆ ವ್ಯವಹಾರ, ತಮ್ಮತಮ್ಮೊಳಗೆ ಏನೂ ಇಲ್ಲ. ಅವನು ರಂಗದಿಂದ ಒಳಗೆ ಹೋದೊಡನೆ ಉಳಿದವರು ಮಾಹಿತಿ ಹೇಳುವವರಾಗಿಬಿಡುತ್ತಿದ್ದರು. ಮಹಾಪುರುಷರ ನಾಟಕಗಳಿಗೆ ಇದು ಅಂಟುರೋಗ.

ಮಧುವರಸ, ಹರಳಯ್ಯರ ಮನೆಯಲ್ಲಿ ಇದ್ದದ್ದು 'ಬೀಗರು' ಎಂಬ ಹಸಿರು ಪದ ಮಾತ್ರ. ಆದರೆ ಜನರ ಬಾಯಲ್ಲಿರುವ ಐತಿಹ್ಯ ಇಷ್ಟು ಬಡವಾಗಿಲ್ಲ. ಹರಳಯ್ಯ 'ಶರಣು' ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದನಂತೆ. ಒಂದು ಶರಣು ಹೆಚ್ಚಾಯಿತು. ಆ ಭಾರ ತೀರಿಸಲು ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಂದರು. ಬಸವಣ್ಣ ಮೆಟ್ಟಲಾರದೆ ತಲೆಯ ಮೇಲೆ ಹೊತ್ತು ಹಿಂದಿರುಗಿಸಿದ. ಅಲ್ಲಿಗೆ ಸಾಲ ತೀರಲಿಲ್ಲ. ದಾರಿಯಲ್ಲಿ ಮಧುವರಸ ಅದನ್ನು ಮೆಟ್ಟಿ ಮೈಯುರಿ ಹತ್ತಿ ಒದ್ದಾಡಿದ, ಕಡೆಗೆ ಹರಳಯ್ಯನ ಮನೆಯ ನೀರು ಬಿದ್ದಮೇಲೆ ತಣ್ಣಗಾದ ಎನ್ನುತ್ತಾರೆ. ಇದು ಚರಿತ್ರೆಯಲ್ಲ, ಐತಿಹ್ಯ. ಆದರೆ ನಕ್ಷೆಗೆ ಬೇಕಾದ್ದು ಇದೇ. ಈಗ ಮಂತ್ರಿಯ ಸಾಲಿನಲ್ಲಿ ಎರಡು ಕೆಂಪು ಗೆರೆ: ಪದವಿ ಕೊಟ್ಟ ಬಿಜ್ಜಳನಿಗೆ ಒಂದು, ಮೈ ಉಳಿಸಿದ ಹರಳಯ್ಯನಿಗೆ ಇನ್ನೊಂದು. ಮಗಳನ್ನು ಕೊಟ್ಟರೆ ಒಂದು ತೀರುತ್ತದೆ, ಇನ್ನೊಂದು ಒಡೆಯುತ್ತದೆ. ಹಾಗಾದರೆ ಅವನು ಮಗಳನ್ನು ಕೊಡುತ್ತಿರುವುದು ಸಮಾನತೆಗೋ, ಸಾಲಕ್ಕೋ? ಮಗಳು ಇದನ್ನು ಕೇಳಿದಳೇ? ಅವಳಿಂದ ಅಪ್ಪನ ಕಡೆಗಿನ ಮನೆ ಅಲ್ಲಿಯವರೆಗೆ ಖಾಲಿಯಿತ್ತು.

ಇನ್ನು ಕಲ್ಯಾಣಮ್ಮ. ಅಡ್ಡಸಾಲು ಎಂದರೆ ಅವಳು ಕೊಟ್ಟದ್ದು, ಉದ್ದಸಾಲು ಎಂದರೆ ಅವಳಿಗೆ ಬರಬೇಕಾದದ್ದು ಎಂದು ಓದಿದೆ. ಅಡ್ಡಸಾಲಿನಲ್ಲಿ ಚರ್ಮ, ಮಗ, ಮುಂದೆ ಗಂಡ. ಉದ್ದಸಾಲಿನಲ್ಲಿ ಒಂದೇ ಒಂದು ಗೆರೆಯಿಲ್ಲ. ಚಮ್ಮಾವುಗೆಗೆ ಅವಳ ತೊಡೆಯ ಚರ್ಮವೂ ಹೋಗಿದೆ. ಹೆಚ್ಚಾದ ಆ ಶರಣು ಮಾತ್ರ ಗಂಡನಿಗೆ ಸಂದದ್ದು. ತಟ್ಟೆ ಹಿಡಿದ ಅಕ್ಕನ ಪ್ರಶ್ನೆ ನನ್ನ ಹಾಳೆಯಲ್ಲಿ ಹೀಗೆ ಬೆಳ್ಳಗೆ ಕೂತಿತ್ತು.

ಖಾಲಿ ಇದ್ದಲ್ಲೆಲ್ಲ ಜಗಳ ತುಂಬಿದರೆ ಸಂಜೆಯ ಧಾರಾವಾಹಿಯಾಗುತ್ತದೆ. ಹಾಗಾಗಿ ಒಂದೇ ದೃಶ್ಯದಲ್ಲಿ ಎದುರುಬದುರಾಗುವ ಜೋಡಿಗಳಿಗೆ ಮಾತ್ರ ಸುತ್ತು ಹಾಕಿದೆ. ಜಗದೇವನೂ ಮದುಮಗಳೂ ನಾಟಕದುದ್ದಕ್ಕೂ ಭೇಟಿಯಾಗುವುದಿಲ್ಲ, ಆ ಮನೆ ಖಾಲಿಯೇ ಇರಲಿ. ಕಲ್ಯಾಣಮ್ಮನೂ ಮಧುವರಸನೂ ಮದುವೆ ಚಪ್ಪರದಲ್ಲಿ ಎದುರಾಗುತ್ತಾರೆ. ತುಂಬಲೇಬೇಕಾದದ್ದು ಅದು.

ಮರುದಿನ ಮಾತು ಹೊಸದಾಗಿ ಬರೆದು ಕೊಟ್ಟೆ. ಮಧುವರಸ ಕಾಲಿಗೆರಗಲು ಬಾಗುತ್ತಾನೆ, ಕಲ್ಯಾಣಮ್ಮ ಹಿಂದೆ ಸರಿದು, "ಮತ್ತೊಂದು ಹೆಚ್ಚಿನ ಶರಣು ನನ್ನ ಮನೆಗೆ ಬ್ಯಾಡ್ರಿ" ಅನ್ನುತ್ತಾಳೆ. ಅಕ್ಕ ಅದನ್ನು ಎರಡು ಸಲ ಓದಿಕೊಂಡರು. ಆಮೇಲೆ ಆರತಿ ತಟ್ಟೆಯನ್ನು ತಾವೇ ಎತ್ತಿಕೊಂಡು ಮಧುವರಸನ ಕೈಗೆ ಕೊಟ್ಟರು.