ಶಿಫ್ಟ್ ಶುರುವಿನಲ್ಲಿ ಟಿಕೆಟ್ ಹಿಡಿಯುವ ನಿಯಮ: ಲೀಡ್ ಬರೆಯುವ ಒಂದು ಮೇಲ್

ಹಗಲು ರಾತ್ರಿ ನಡೆಯುವ ಐಟಿ ಸಪೋರ್ಟ್ ಡೆಸ್ಕ್‌ನಲ್ಲಿ ಕೆಲಸವೆಂದರೆ ಟಿಕೆಟ್. ಯಾವುದೋ ಊರಿನ ಕಚೇರಿಯಲ್ಲಿ ಒಬ್ಬರ ಲ್ಯಾಪ್‌ಟಾಪ್ ಕೈಕೊಡುತ್ತದೆ, ಇನ್ನೊಬ್ಬರ ಪಾಸ್‌ವರ್ಡ್ ಲಾಕ್ ಆಗುತ್ತದೆ. ಅವರು ಕೊಟ್ಟ ದೂರು ಒಂದು ಸಂಖ್ಯೆ ಪಡೆದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತ ತಂಡದ ಕ್ಯೂಗೆ ಬಂದು ಸೇರುತ್ತದೆ. ತಂಡದವರಲ್ಲಿ ಒಬ್ಬರು ಅದನ್ನು ತಮ್ಮ ಹೆಸರಿಗೆ ಹಾಕಿಕೊಳ್ಳುತ್ತಾರೆ. ಅಸೈನ್ ಮಾಡಿಕೊಳ್ಳುವುದು ಎಂದರೆ ಇದೇ. ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಮೂರು ಶಿಫ್ಟ್‌ಗಳಲ್ಲಿ ನಡೆಯುವ ತಂಡದಲ್ಲಿ ಈ ಹೆಸರು ಹಾಕಿಕೊಳ್ಳುವ ಕೆಲಸ ಅತಿ ಹೆಚ್ಚು ನಡೆಯುವುದು ಶಿಫ್ಟ್ ಶುರುವಾದ ಮೊದಲ ಕೆಲವು ನಿಮಿಷಗಳಲ್ಲಿ. ಜಗಳಗಳೂ ಹುಟ್ಟುವುದು ಅಲ್ಲೇ. ಅದಕ್ಕೊಂದು ನಿಯಮ ತರಬೇಕೆನಿಸಿದಾಗ ಟೀಮ್ ಲೀಡ್ ಎಲ್ಲರಿಗೂ ಒಂದು ಮೇಲ್ ಬರೆಯುತ್ತಾರೆ.

ನಿಯಮವಿಲ್ಲದ ತಂಡದಲ್ಲಿ ಎರಡು ಅಭ್ಯಾಸಗಳು ತಾವಾಗಿಯೇ ಬೆಳೆಯುತ್ತವೆ. ಮೊದಲನೆಯದಕ್ಕೆ ಈ ಕ್ಷೇತ್ರದಲ್ಲಿ ಚೆರ್ರಿ ಪಿಕಿಂಗ್ ಎನ್ನುತ್ತಾರೆ. ಹತ್ತು ನಿಮಿಷ ಮೊದಲೇ ಲಾಗಿನ್ ಆದವರು ಪಾಸ್‌ವರ್ಡ್ ರೀಸೆಟ್, ಅಕೌಂಟ್ ಅನ್‌ಲಾಕ್‌ನಂಥ ಸಲೀಸಾದವನ್ನು ಆರಿಸಿಕೊಳ್ಳುತ್ತಾರೆ. ಸರಿಯಾದ ಹೊತ್ತಿಗೇ ಬಂದವರ ಪಾಲಿಗೆ ಮೂರು ದಿನದಿಂದ ಬಿದ್ದಿರುವ, ಯಾರೂ ಮುಟ್ಟದ ವಿಪಿಎನ್ ತೊಂದರೆ ಉಳಿಯುತ್ತದೆ. ಎರಡನೆಯದು ಗುಡ್ಡೆ ಹಾಕಿಕೊಳ್ಳುವುದು: ಒಬ್ಬರೇ ಐದಾರು ಟಿಕೆಟ್‌ಗಳಿಗೆ ಒಟ್ಟಿಗೆ ತಮ್ಮ ಹೆಸರು ಹಾಕಿ, ಆಮೇಲೆ ಒಂದೊಂದಾಗಿ ತೆರೆಯುವುದು. ಮೊದಲನೆಯದು ಸಹೋದ್ಯೋಗಿಗಳಿಗೆ ಅನ್ಯಾಯ ಎಂದು ಎಲ್ಲರಿಗೂ ಕಾಣುತ್ತದೆ. ಎರಡನೆಯದು ಚುರುಕುತನದಂತೆ ಕಾಣುತ್ತದೆ, ಆದ್ದರಿಂದಲೇ ಅದು ಹೆಚ್ಚು ಕೆಡುಕು ಮಾಡುತ್ತದೆ.

ಯಾಕೆಂದರೆ ಪ್ರತಿ ಟಿಕೆಟ್‌ಗೂ ಸಾಮಾನ್ಯವಾಗಿ ಎರಡು ಗಡಿಯಾರಗಳಿರುತ್ತವೆ. ಗ್ರಾಹಕ ಕಂಪನಿಯೊಂದಿಗೆ ಮಾಡಿಕೊಂಡ ಎಸ್‌ಎಲ್‌ಎ ಎಂಬ ಒಪ್ಪಂದ, ಇಷ್ಟು ಹೊತ್ತಿನೊಳಗೆ ದೂರನ್ನು ಕೈಗೆತ್ತಿಕೊಳ್ಳಬೇಕು, ಇಷ್ಟು ಹೊತ್ತಿನೊಳಗೆ ಬಗೆಹರಿಸಬೇಕು ಎಂದು ಎರಡು ಗಡುವು ಕೊಡುತ್ತದೆ. ಅನೇಕ ತಂಡಗಳ ವ್ಯವಸ್ಥೆಯಲ್ಲಿ ಹೆಸರು ಬಿದ್ದ ಕ್ಷಣವೇ ಮೊದಲ ಗಡಿಯಾರ ನಿಂತುಬಿಡುತ್ತದೆ. ಪರದೆಯ ಮೇಲೆ ಎಲ್ಲವೂ ಹಸಿರು. ದೂರು ಕೊಟ್ಟವರಿಗೂ ‘ನಿಮ್ಮ ಟಿಕೆಟ್ ಇಂಥವರ ಬಳಿ ಇದೆ’ ಎಂಬ ಸಂದೇಶ ಹೋಗುತ್ತದೆ. ಆದರೆ ಆ ಟಿಕೆಟ್ ಅನ್ನು ಇನ್ನೂ ಯಾರೂ ತೆರೆದು ಓದಿಲ್ಲ.

ಇದರಿಂದ ಆಗುವ ನಷ್ಟವನ್ನು ಒಂದು ಬೆಳಗಿನ ಲೆಕ್ಕದಲ್ಲಿ ನೋಡಬಹುದು. ಒಬ್ಬ ಎಂಜಿನಿಯರ್ 6:05ಕ್ಕೆ ಆರು ಟಿಕೆಟ್‌ಗಳನ್ನು ತಮ್ಮ ಹೆಸರಿಗೆ ಹಾಕಿಕೊಂಡರು ಎಂದಿಟ್ಟುಕೊಳ್ಳೋಣ. ಒಂದೊಂದಕ್ಕೆ 20 ನಿಮಿಷ ಹಿಡಿದರೆ ಆರನೆಯದಕ್ಕೆ ಕೈ ಹಚ್ಚುವಾಗ 7:45. ಪಕ್ಕದ ಕುರ್ಚಿಯವರು ತಮ್ಮ ಕೆಲಸ ಮುಗಿಸಿ 7 ಗಂಟೆಗೆ ಕ್ಯೂ ತೆರೆದರೆ ಅದು ಖಾಲಿ. ಅವರು ಚಹಾಕ್ಕೆ ಏಳುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆ ಆರನೆಯ ಟಿಕೆಟ್ ಕ್ಯೂನಲ್ಲೇ ಇದ್ದಿದ್ದರೆ 7 ಗಂಟೆಗೇ ಅದಕ್ಕೆ ಒಬ್ಬರು ಸಿಗುತ್ತಿದ್ದರು. 45 ನಿಮಿಷ ಕಾಯಿಸಿದ್ದು ಕೆಲಸದ ಹೊರೆಯಲ್ಲ, ಮುಂಚಿತವಾಗಿ ಹಾಕಿಕೊಂಡ ಹೆಸರು. ಹೊಸ ನಿಯಮದ ತಿರುಳು ಇಲ್ಲಿದೆ: ಹೆಸರು ಹಾಕುವುದೆಂದರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಆಗಬಾರದು, ಈಗಲೇ ಈ ಕೆಲಸ ಶುರು ಎಂದು ಅರ್ಥವಾಗಬೇಕು.

ಅಂಥ ನಿಯಮ ತಿಳಿಸುವ ಮೇಲ್ ಹೆಚ್ಚುಕಡಿಮೆ ಹೀಗಿರುತ್ತದೆ:

“ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಗಿನ ಶಿಫ್ಟ್‌ನಿಂದ ಟಿಕೆಟ್ ತೆಗೆದುಕೊಳ್ಳುವ ರೀತಿ ಬದಲಾಗುತ್ತದೆ. ಶಿಫ್ಟ್‌ನ ಮೊದಲ 15 ನಿಮಿಷ ಹ್ಯಾಂಡೋವರ್‌ಗೆ ಮಾತ್ರ. ಆಮೇಲೆ ಕ್ಯೂನ ಮೇಲಿನಿಂದ ಒಂದು ಸಲಕ್ಕೆ ಒಂದೇ ಟಿಕೆಟ್ ತೆಗೆದುಕೊಳ್ಳಿ. ಗಡುವಿಗೆ ಕಡಿಮೆ ಸಮಯ ಉಳಿದ ಟಿಕೆಟ್ ಮೇಲೆ ಬರುವಂತೆ ಕ್ಯೂ ಜೋಡಿಸಲಾಗಿದೆ. ತೆಗೆದುಕೊಂಡ 15 ನಿಮಿಷದೊಳಗೆ ಏನು ನೋಡಿದಿರಿ ಎಂದು ಟಿಕೆಟ್‌ನಲ್ಲಿ ಬರೆಯಿರಿ. ಬರೆಯದಿದ್ದರೆ ಅದನ್ನು ನಾನು ಕ್ಯೂಗೆ ವಾಪಸ್ ಹಾಕುತ್ತೇನೆ. ಪಾಸ್‌ವರ್ಡ್, ಅನ್‌ಲಾಕ್‌ನಂಥ ಚಿಕ್ಕ ಟಿಕೆಟ್‌ಗಳನ್ನು ಪ್ರತಿ ಶಿಫ್ಟ್‌ನಲ್ಲಿ ಒಬ್ಬರೇ ನೋಡುತ್ತಾರೆ, ಸರದಿ ಪಟ್ಟಿ ಲಗತ್ತಿಸಿದ್ದೇನೆ. ಪಿ-1 ಬಂದರೆ ಇದ್ಯಾವುದೂ ಅನ್ವಯಿಸುವುದಿಲ್ಲ, ಮೊದಲು ಕಂಡವರು ತಕ್ಷಣ ಹಿಡಿದು ನನಗೆ ಫೋನ್ ಮಾಡಿ. ಎರಡು ವಾರ ನೋಡಿ, ತೊಡಕಾದರೆ ಬದಲಿಸೋಣ.”

ಮೇಲ್ ಚಿಕ್ಕದು, ಆದರೆ ಇದರ ಒಂದೊಂದು ಮಾತಿಗೂ ಕಾರಣವಿದೆ. ಮೊದಲ 15 ನಿಮಿಷ ಯಾರೂ ಹೊಸ ಟಿಕೆಟ್ ಮುಟ್ಟಬಾರದೆಂದರೆ ಬೇಗ ಲಾಗಿನ್ ಆಗುವುದರ ಲಾಭ ಇಲ್ಲವಾಗುತ್ತದೆ. ಆ ಹೊತ್ತು ವ್ಯರ್ಥವೂ ಅಲ್ಲ. ರಾತ್ರಿ ಶಿಫ್ಟ್‌ನವರು ಅರ್ಧ ಮಾಡಿಟ್ಟ ಟಿಕೆಟ್‌ಗಳು ಹೊರಗೆ ಹೋಗುವವರ ಹೆಸರಿನಲ್ಲೇ ಉಳಿದುಬಿಟ್ಟರೆ, ಅವರು ಮತ್ತೆ ಬರುವವರೆಗೆ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ವಾರದ ರಜೆ ಬಂದರೆ ಎರಡು ದಿನ ಕಳೆದೀತು. ಆದ್ದರಿಂದ ಹೋಗುವವರು ಪ್ರತಿಯೊಂದನ್ನೂ ಒಂದೋ ಹೆಸರು ಹೇಳಿ ಬಂದವರಿಗೆ ಒಪ್ಪಿಸಬೇಕು, ಇಲ್ಲವೇ ಎಲ್ಲಿಯವರೆಗೆ ಆಯಿತೆಂದು ಬರೆದು ಕ್ಯೂಗೆ ಬಿಡಬೇಕು. ಇದಾದ ಮೇಲೇ ಕ್ಯೂನಲ್ಲಿ ನಿಜವಾಗಿ ಎಷ್ಟು ಕೆಲಸವಿದೆ ಎಂದು ಗೊತ್ತಾಗುವುದು. ಆಯ್ಕೆ ಆಮೇಲೆ.

ಚಿಕ್ಕ ಟಿಕೆಟ್‌ಗಳನ್ನು ಬೇರೆ ಮಾಡಿದ್ದು ಈ ನಿಯಮದ ಅತ್ಯಂತ ವಿವೇಕದ ಭಾಗ. ಸುಲಭದ ಕೆಲಸ ಆರಿಸುವವರನ್ನು ಸೋಮಾರಿಗಳೆಂದು ತಳ್ಳಿಹಾಕುವುದು ಸರಿಯಲ್ಲ, ಅವರ ಪಕ್ಷದಲ್ಲೂ ಲೆಕ್ಕವಿದೆ. ಒಬ್ಬರ ಮುಂದೆ 60 ನಿಮಿಷದ ಒಂದು ಕೆಲಸ, 10 ನಿಮಿಷದ ಮೂರು ಕೆಲಸಗಳಿವೆ ಎನ್ನೋಣ. ದೊಡ್ಡದನ್ನು ಮೊದಲು ಮಾಡಿದರೆ ನಾಲ್ಕು ಕೆಲಸಗಳು 60, 70, 80, 90ನೆಯ ನಿಮಿಷಕ್ಕೆ ಮುಗಿಯುತ್ತವೆ, ಸರಾಸರಿ 75. ಚಿಕ್ಕವನ್ನು ಮೊದಲು ಮಾಡಿದರೆ 10, 20, 30, 90, ಸರಾಸರಿ 37.5. ಕೊನೆಯ ಕೆಲಸ ಮುಗಿಯುವ ಹೊತ್ತು ಎರಡರಲ್ಲೂ ಒಂದೇ, ಆದರೂ ಮೂವರು ಬಹಳ ಬೇಗ ಬಿಡುಗಡೆಯಾದರು. ತೊಡಕು ಇರುವುದು ಬೇರೆ ಕಡೆ. ಕ್ಯೂ ನಿಲ್ಲುವುದಿಲ್ಲ, ಹೊಸ ಚಿಕ್ಕ ಟಿಕೆಟ್‌ಗಳು ಬರುತ್ತಲೇ ಇರುತ್ತವೆ. ಚಿಕ್ಕದಕ್ಕೇ ಯಾವಾಗಲೂ ಮೊದಲ ಮಣೆಯಾದರೆ ದೊಡ್ಡದರ ಸರದಿ ಬರುವುದೇ ಇಲ್ಲ. ಒಬ್ಬರನ್ನು ಚಿಕ್ಕವಕ್ಕೇ ಕೂರಿಸಿದರೆ ಲಾಕ್ ಆದ ಅಕೌಂಟ್‌ನವರು ವಿಪಿಎನ್ ತೊಂದರೆಯ ಹಿಂದೆ ನಿಂತು ಕಾಯಬೇಕಿಲ್ಲ, ವಿಪಿಎನ್ ತೊಂದರೆಯೂ ಮೂಲೆ ಸೇರುವುದಿಲ್ಲ. ಆ ಸುಲಭದ ಕುರ್ಚಿ ಸರದಿಯಂತೆ ಎಲ್ಲರಿಗೂ ಬರುವುದರಿಂದ ಅಸಮಾಧಾನಕ್ಕೂ ಎಡೆ ಕಡಿಮೆ.

‘ಒಂದು ಸಲಕ್ಕೆ ಒಂದೇ’ ಎಂಬುದನ್ನು ಅಕ್ಷರಶಃ ಪಾಲಿಸಲಾಗದ ಒಂದು ಸಂದರ್ಭವಿದೆ. ದೂರು ಕೊಟ್ಟವರಿಂದ ಸ್ಕ್ರೀನ್‌ಶಾಟ್ ಕೇಳಿ ಕಾಯುತ್ತಿರುವಾಗ ಎಂಜಿನಿಯರ್ ಸುಮ್ಮನೆ ಕೂರಬೇಕಿಲ್ಲ. ಆ ಟಿಕೆಟ್ ಅನ್ನು ‘ಪೆಂಡಿಂಗ್’ ಸ್ಥಿತಿಗೆ ಹಾಕಿ ಮುಂದಿನದನ್ನು ತೆಗೆದುಕೊಳ್ಳಬಹುದು. ಮೇಲ್‌ನಲ್ಲಿ ಇದನ್ನು ಹೇಳದೆ ಬಿಟ್ಟರೆ ಮೊದಲ ದಿನವೇ ಹತ್ತು ಮಂದಿ ಇದೇ ಪ್ರಶ್ನೆ ಕೇಳುತ್ತಾರೆ. ಮೇಲೆ ಕೊಟ್ಟ ಮಾದರಿಯಲ್ಲೂ ಈ ಸಾಲು ಇರಬೇಕಿತ್ತು. ಹಾಗೆಯೇ ಮೇಲಿನ ಟಿಕೆಟ್ ತಮಗೆ ತಿಳಿಯದ ವಿಷಯದ್ದಾದರೆ ಏನು ಮಾಡಬೇಕು ಎಂಬುದೂ. ಬಿಟ್ಟು ಮುಂದಕ್ಕೆ ಹೋಗಬಹುದು, ಆದರೆ ಬಿಟ್ಟ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ಹೋಗಬೇಕು. ಒಂದೇ ಬಗೆಯ ಟಿಕೆಟ್ ಮೇಲೆ ಮತ್ತೆ ಮತ್ತೆ ಇಂಥ ಸಾಲು ಬಿದ್ದರೆ ಯಾರಿಗೆ ಯಾವ ತರಬೇತಿ ಬೇಕೆಂದು ಲೀಡ್‌ಗೆ ತಿಳಿಯುತ್ತದೆ.

ಮೇಲ್‌ನ ರೀತಿಯೂ ಮುಖ್ಯ. ಮೂರು ಶಿಫ್ಟ್‌ಗಳಿರುವ ತಂಡ ಒಟ್ಟಿಗೆ ಕೂರುವುದು ಅಪರೂಪ. ಹಲವರು ಈ ಮೇಲ್ ಓದುವುದು ಕಂಪನಿಯ ಕ್ಯಾಬ್‌ನಲ್ಲಿ, ಫೋನಿನ ಪರದೆಯಲ್ಲಿ. ಆದ್ದರಿಂದ ಯಾವಾಗಿನಿಂದ, ಏನು ಬದಲಾವಣೆ ಎಂಬುದು ಮೊದಲೆರಡು ಸಾಲಿನಲ್ಲೇ ಇರಬೇಕು. ಸೋಮವಾರದ ನಿಯಮಕ್ಕೆ ಭಾನುವಾರ ರಾತ್ರಿ ಮೇಲ್ ಕಳಿಸಿದರೆ ವಾರದ ರಜೆಯಲ್ಲಿದ್ದವರು ನಿಯಮ ಮುರಿದ ಮೇಲೆ ಅದನ್ನು ಓದುತ್ತಾರೆ. ನಾಲ್ಕೈದು ದಿನ ಮುಂಚೆ ಕಳಿಸಿದರೆ ಪ್ರತಿ ಶಿಫ್ಟ್‌ನ ಹ್ಯಾಂಡೋವರ್‌ನಲ್ಲೂ ಬಾಯಿಮಾತಿನಲ್ಲಿ ಹೇಳಲು ಸಮಯ ಸಿಗುತ್ತದೆ. ಕಾರಣ ಹೇಳುವಾಗ 45 ನಿಮಿಷದ ಲೆಕ್ಕದಂಥದ್ದನ್ನು ಕೊಡಬಹುದು, ಯಾರ ಹೆಸರನ್ನೂ ಎತ್ತಬಾರದು. ‘ಕೆಲವರು’ ಎಂದು ಬರೆದರೂ ಹತ್ತು ಮಂದಿಯ ತಂಡದಲ್ಲಿ ಅದು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ, ಆಮೇಲೆ ಚರ್ಚೆ ನಿಯಮದ ಬಗ್ಗೆ ನಡೆಯುವುದೇ ಇಲ್ಲ.

ನಿಯಮ ಬಂದ ಮೇಲೆ ಅದನ್ನು ಬಳಸಿ ತಪ್ಪಿಸಿಕೊಳ್ಳುವ ದಾರಿಗಳೂ ಹುಟ್ಟುತ್ತವೆ. 15 ನಿಮಿಷದೊಳಗೆ ಬರೆಯಬೇಕೆಂದಾಗ ‘ಪರಿಶೀಲಿಸಲಾಗುತ್ತಿದೆ’ ಎಂಬ ಒಂದೇ ಮಾತು ಎಲ್ಲ ಟಿಕೆಟ್‌ಗಳಲ್ಲೂ ಕಾಣತೊಡಗುತ್ತದೆ. ನಿಜವಾಗಿ ನೋಡಿದವರ ಟಿಪ್ಪಣಿಯಲ್ಲಿ ಒಂದು ಸಂಗತಿ ಇರುತ್ತದೆ: ಬಂದ ಎರರ್ ಯಾವುದು, ಯಾವ ಸರ್ವರ್, ಏನು ಕೇಳಿ ಏನು ಉತ್ತರ ಬಂತು. ಇನ್ನೊಂದು ದಾರಿ ‘ಪೆಂಡಿಂಗ್’. ಆ ಸ್ಥಿತಿಯಲ್ಲಿ ಬಹುತೇಕ ಎರಡನೆಯ ಗಡಿಯಾರವೂ ನಿಲ್ಲುವುದರಿಂದ, ದೂರು ಕೊಟ್ಟವರನ್ನು ಏನೂ ಕೇಳದೆಯೇ ಟಿಕೆಟ್ ಅನ್ನು ಅಲ್ಲಿಗೆ ತಳ್ಳುವ ಆಸೆ ಹುಟ್ಟುತ್ತದೆ. ಪೆಂಡಿಂಗ್‌ಗೆ ಹೋದ ಟಿಕೆಟ್‌ನ ಕೊನೆಯ ಸಂದೇಶ ಪ್ರಶ್ನೆಯಾಗಿದೆಯೇ ಎಂದು ನೋಡಿದರೆ ಸಾಕು, ತಿಳಿಯುತ್ತದೆ.

ನಿಯಮ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಒಟ್ಟು ಎಷ್ಟು ಟಿಕೆಟ್ ಮುಗಿಯಿತು ಎಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಚಿಕ್ಕವನ್ನು ಆರಿಸುವವರಿಗೇ ಆ ಎಣಿಕೆ ಒಲಿಯುತ್ತದೆ. ತಿಂಗಳ ಕೊನೆಯಲ್ಲಿ ಲೀಡ್ ಅದೇ ಎಣಿಕೆಯ ಮೇಲೆ ಮೆಚ್ಚುಗೆ ಹೇಳಿದರೆ ಮೇಲ್ ಬರೆದದ್ದೂ ವ್ಯರ್ಥ. ಎರಡು ಅಳತೆ ಉಪಯುಕ್ತ: ಹೆಸರು ಬಿದ್ದ ಕ್ಷಣದಿಂದ ಮೊದಲ ನಿಜವಾದ ಟಿಪ್ಪಣಿಯವರೆಗೆ ಎಷ್ಟು ಹೊತ್ತು, ಮತ್ತು ಕ್ಯೂನಲ್ಲಿರುವ ಅತಿ ಹಳೆಯ ಟಿಕೆಟ್‌ನ ವಯಸ್ಸು ಎಷ್ಟು. ಎರಡೂ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ನಿಯಮ ಹಿಡಿತಕ್ಕೆ ಬಂದಿದೆ. ಮೊದಲನೆಯದು ಇಳಿದು ಎರಡನೆಯದು ಹಾಗೇ ಇದ್ದರೆ ಕ್ಯೂನ ಮೇಲಿನ ಟಿಕೆಟ್‌ಗಳನ್ನು ಜನ ದಾಟಿ ಹೋಗುತ್ತಿದ್ದಾರೆ ಎಂದರ್ಥ.

ಎಲ್ಲ ತಂಡಕ್ಕೂ ಈ ನಿಯಮ ಒಗ್ಗುವುದಿಲ್ಲ. ರಾತ್ರಿ ಇಬ್ಬರೇ ಇರುವ ಕಡೆ ಒಬ್ಬರನ್ನು ಚಿಕ್ಕ ಟಿಕೆಟ್‌ಗೆ ಕಟ್ಟಿಹಾಕಿದರೆ ಉಳಿದದ್ದೆಲ್ಲ ಇನ್ನೊಬ್ಬರ ತಲೆಗೆ ಬರುತ್ತದೆ. ಅಲ್ಲಿ ಇಬ್ಬರೂ ಮಾತಾಡಿಕೊಂಡು ಹಂಚಿಕೊಳ್ಳುವುದೇ ಮೇಲು. ಡೇಟಾಬೇಸ್‌ಗೊಬ್ಬರು, ನೆಟ್‌ವರ್ಕ್‌ಗೊಬ್ಬರು ಎಂದು ಪರಿಣತಿ ಪೂರ್ತಿ ಬೇರೆ ಬೇರೆಯಾಗಿರುವ ತಂಡಕ್ಕೆ ಒಂದೇ ಕ್ಯೂ ಇಡುವುದರಲ್ಲಿ ಅರ್ಥವಿಲ್ಲ, ಒಂದೊಂದು ಪರಿಣತಿಗೆ ಒಂದೊಂದು ಕ್ಯೂ ಮಾಡಿ ಪ್ರತಿಯೊಂದಕ್ಕೂ ಇದೇ ಕ್ರಮ ಇಡಬೇಕು. ದಿನವೂ ಬರುವ ಟಿಕೆಟ್‌ಗಳೇ ತಂಡ ಮುಗಿಸಬಲ್ಲದ್ದಕ್ಕಿಂತ ಹೆಚ್ಚಾಗಿದ್ದರೆ, ಯಾವ ಕ್ರಮದಲ್ಲಿ ತೆಗೆದುಕೊಂಡರೂ ಕ್ಯೂ ಬೆಳೆಯುತ್ತಲೇ ಹೋಗುತ್ತದೆ. ಆಗ ಲೀಡ್ ಬರೆಯಬೇಕಾದ ಮೇಲ್ ಬೇರೆ, ಅದು ಹೋಗಬೇಕಾದದ್ದು ತಂಡಕ್ಕಲ್ಲ, ಜನ ಸೇರಿಸುವ ಅಧಿಕಾರವಿರುವ ಮ್ಯಾನೇಜರ್‌ಗೆ.