ಮೆಚ್ಚಿದವರ ಮಾತಿನಲ್ಲೇ ಇದೆ ಮರುಕರೆ

ಹುಬ್ಬಳ್ಳಿಯ ಕಡೆಯ ಒಂದು ಖಾನಾವಳಿ ಎಂದುಕೊಳ್ಳಿ. ಭಾನುವಾರ ಉಂಡು ಹೋದವರೊಬ್ಬರು ಸಂಜೆ ಮಾಲೀಕರಿಗೆ ಹೀಗೆ ಬರೆದು ಕಳಿಸುತ್ತಾರೆ: ‘ಎಣ್ಣೆಗಾಯಿ ಬಹಳ ಚೆನ್ನಾಗಿತ್ತು. ನಮ್ಮ ತಾಯಿಗೆ ಕಡಕ್ ರೊಟ್ಟಿ ಅಗಿಯಲು ಆಗುವುದಿಲ್ಲ ಎಂದಾಗ ಬಿಸಿಬಿಸಿ ಮೆತ್ತನೆಯ ರೊಟ್ಟಿ ಬಡಿದು ಕೊಟ್ಟರು. ಅರ್ಧ ಗಂಟೆ ಕಾದದ್ದೂ ಮರೆತುಹೋಯಿತು.’

ಇದಕ್ಕೆ ಬಹುಪಾಲು ಅಂಗಡಿಯವರು ಕೊಡುವ ಉತ್ತರ ‘ಧನ್ಯವಾದಗಳು, ಮತ್ತೆ ಭೇಟಿ ಕೊಡಿ’. ತಪ್ಪೇನಿಲ್ಲ. ಆದರೆ ಇದೇ ಮಾತನ್ನು ಚಪ್ಪಲಿ ಅಂಗಡಿಯವರೂ ಬರೆಯಬಹುದು. ತಾನು ಬರೆದದ್ದನ್ನು ಯಾರೂ ಓದಲಿಲ್ಲ ಎಂದು ಗಿರಾಕಿಗೆ ಅನ್ನಿಸಿಬಿಡುತ್ತದೆ. ಇನ್ನು ಕೆಲವರು ಮುಂದಿನ ಊಟಕ್ಕೆ ರಿಯಾಯಿತಿ ಕೊಡುತ್ತೇವೆ ಎನ್ನುತ್ತಾರೆ. ಮನಸ್ಸಿನಿಂದ ಬಂದ ಮಾತಿಗೆ ಬೆಲೆ ಕಟ್ಟಿದಂತಾಗುತ್ತದೆ ಅದು.

ಆ ಮೆಚ್ಚುಗೆಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಹಿಡಿದುಕೊಳ್ಳಬೇಕಾದದ್ದು ಮೂರು: ರೊಟ್ಟಿ ಬಡಿದ ಕೈ, ಊಟಕ್ಕೆ ಬಂದ ತಾಯಿ, ಹೊಗಳಿಕೆಯೊಳಗೆ ಮೆಲ್ಲಗೆ ಸೇರಿಕೊಂಡ ಕಾಯುವಿಕೆ. ಉತ್ತರ ಇವುಗಳಿಂದಲೇ ಹುಟ್ಟಬೇಕು:

‘ನಮಸ್ಕಾರ್ರೀ. ರೊಟ್ಟಿ ಬಡಿಯೋ ನಮ್ಮ ಅಕ್ಕಾರಿಗೆ ನೀವು ಬರೆದದ್ದು ಓದಿ ಹೇಳಿದ್ವಿ, ಭಾಳ ಖುಷಿಪಟ್ರು. ಅವ್ವಾರನ್ನ ಅರ್ಧ ತಾಸು ಕಾಯಿಸಿದ್ವಿ, ಅದು ನಮ್ಮ ಮನಸ್ಸಿನಾಗ ಉಳಿದೈತ್ರಿ. ಭಾನುವಾರ 12.30ರೊಳಗ ಬಂದ್ರ ಕಾಯೋದು ಬೀಳೂದಿಲ್ಲ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಸಜ್ಜಿ ರೊಟ್ಟಿ ಮಾಡ್ತೀವಿ, ಅವ್ವಾರನ್ನ ಕರ್ಕೊಂಡು ಬರ್ರಿ.’

ಇಲ್ಲಿ ಕರೆ ಬೇರೆಯಾಗಿ ಅಂಟಿಸಿದ್ದಲ್ಲ. ಕಾದ ಬೇಸರಕ್ಕೆ ಕೊಟ್ಟ ಪರಿಹಾರವೇ ಮತ್ತೆ ಬರಲು ದಾರಿಯಾಯಿತು. ಹಂಗಾಮಿನ ಒಂದು ತಿನಿಸು ಕಾರಣವೂ ಆಯಿತು. ಒಂದೇ ತಿನಿಸು ಸಾಕು. ಹೋಳಿಗೆ, ಮಾದ್ಲಿ, ಕರ್ಚಿಕಾಯಿ ಎಂದು ಪಟ್ಟಿ ಕೊಟ್ಟರೆ ಉತ್ತರ ಹೋಗಿ ಜಾಹೀರಾತು ಉಳಿಯುತ್ತದೆ.

ಎಚ್ಚರ ವಹಿಸಬೇಕಾದದ್ದು ಎರಡು ಕಡೆ. ಗಿರಾಕಿ ತಾನಾಗಿ ಹೇಳದ್ದನ್ನು, ಅಂದರೆ ಬಿಲ್ಲಿನ ಮೊತ್ತವನ್ನೋ ಜೊತೆಗಿದ್ದವರ ವಿಷಯವನ್ನೋ, ನಾಲ್ಕು ಜನ ಓದುವ ಉತ್ತರದಲ್ಲಿ ಎತ್ತಬಾರದು. ಎರಡನೆಯದು, ಬರೆದದ್ದು ನಿಜವಾಗಿರಬೇಕು. ಅಕ್ಕನಿಗೆ ಓದಿ ಹೇಳಿದ ಮೇಲೆಯೇ ಹೇಳಿದೆವು ಎಂದು ಬರೆಯಬೇಕು. 12.30ಕ್ಕೂ ಬಾಗಿಲಲ್ಲಿ ಸಾಲು ನಿಲ್ಲುವುದಾದರೆ ಆ ಸಾಲನ್ನೇ ತೆಗೆದುಹಾಕಬೇಕು. ನಂಬಿ ಬಂದು ಮತ್ತೆ ಕಾದವರು ಮೂರನೆಯ ಸಲ ಬರುವುದಿಲ್ಲ.

ಉತ್ತರ ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಅದನ್ನು ಬೇರೊಬ್ಬ ಗಿರಾಕಿಗೆ ಕಳಿಸಲು ಬರುತ್ತದೆಯೇ ನೋಡಿ. ಬರುವುದಾದರೆ ಮತ್ತೆ ಬರೆಯಿರಿ. ಮೇಲಿನ ಉತ್ತರವನ್ನು ಆ ತಾಯಿಯ ಮನೆಗಲ್ಲದೆ ಬೇರೆಲ್ಲಿಗೂ ಕಳಿಸಲಾಗದು.

ನಾವು ಮನೆಗೆ ಬಂದವರನ್ನು ಬೀಳ್ಕೊಡುವಾಗ ‘ಹೋಗಿ’ ಎನ್ನುವುದಿಲ್ಲ, ‘ಹೋಗಿ ಬನ್ನಿ’ ಎನ್ನುತ್ತೇವೆ. ಗಿರಾಕಿಗೆ ಬರೆಯುವ ಉತ್ತರದ ಕೊನೆಯ ಸಾಲಿಗೂ ಅಷ್ಟೇ ಸಹಜತೆ ಇರಲಿ.