ಟ್ರೂನಾಟ್ ಚೀಟಿಯ ಹಿಂದಿನ ಕವಲುಗಳು

ಕ್ಷಯ ಪತ್ತೆ ಹಚ್ಚುವ ಟ್ರೂನಾಟ್ ಯಂತ್ರವನ್ನು ರೂಪಿಸಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್, ಮಾರುಕಟ್ಟೆಗೆ ತಂದದ್ದು ಗೋವಾದ ಮೋಲ್‌ಬಯೋ. ಮೇಜಿನ ಮೇಲೆ ಕೂರುವ ಎರಡು ಡಬ್ಬಿ, ಅಷ್ಟೆ. ಕರೆಂಟು ಹೋದರೆ ಬ್ಯಾಟರಿ ಮೇಲೂ ನಡೆಯುತ್ತದೆ. ಕಫಕ್ಕೆ ದ್ರಾವಣ ಬೆರೆಸಿ ತೆಳುವಾಗಿಸಿ ಮೊದಲ ಡಬ್ಬಿಗೆ ಹಾಕಿದರೆ ಅದು ರೋಗಾಣುಗಳನ್ನು ಒಡೆದು ಡಿಎನ್‌ಎಯನ್ನು ಬೇರ್ಪಡಿಸುತ್ತದೆ. ಅದರಲ್ಲಿ ಒಂದು ಸಣ್ಣ ಹನಿಯನ್ನು ಉಗುರಿನಷ್ಟು ಜಾಗದ ಚಿಪ್ ಮೇಲೆ ಬಿಟ್ಟು ಎರಡನೆಯ ಡಬ್ಬಿಗೆ ಸೇರಿಸುತ್ತಾರೆ. ಅಲ್ಲಿ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಕ್ಷಯಾಣುವಿನ ಜೀನ್ ತುಣುಕನ್ನು ದುಪ್ಪಟ್ಟು ಮಾಡುತ್ತ ಹೋಗುತ್ತದೆ. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ತಾಸಿನಲ್ಲಿ ಉತ್ತರ ಬರುತ್ತದೆ: ಸಿಕ್ಕಿದೆ, ಅಥವಾ ಸಿಕ್ಕಿಲ್ಲ.

ಆ ಉತ್ತರ ಕಫದ ಬಗ್ಗೆ. ಕಫ ಕೊಟ್ಟವರಿಗೆ ಬೇಕಾದದ್ದು ತಮ್ಮ ಬಗ್ಗೆ. ಒಂದರಿಂದ ಇನ್ನೊಂದಕ್ಕೆ ದಾಟಲು ಸ್ವಲ್ಪ ಲೆಕ್ಕ ಬೇಕು.

ಈ ಯಂತ್ರದ ಎಂಟಿಬಿ ಪ್ಲಸ್ ಚಿಪ್ಪನ್ನು ಭಾರತವೂ ಸೇರಿ ನಾಲ್ಕು ದೇಶಗಳ ಕಫ ಪರೀಕ್ಷಾ ಕೇಂದ್ರಗಳಲ್ಲಿ ಒರೆಗೆ ಹಚ್ಚಿದಾಗ, ಕ್ಷಯ ಇದ್ದವರಲ್ಲಿ ನೂರಕ್ಕೆ 80 ಮಂದಿಯನ್ನು ಅದು ಹಿಡಿಯಿತು. ಇಲ್ಲದವರಲ್ಲಿ ನೂರಕ್ಕೆ 96 ಮಂದಿಗೆ ಇಲ್ಲವೆಂದೇ ಹೇಳಿತು. ಗಮನಿಸಿ, ಎರಡೂ ಮಾತು ರೋಗದಿಂದ ಶುರುವಾಗಿ ಫಲಿತಾಂಶದ ಚೀಟಿಯಲ್ಲಿ ಮುಗಿಯುತ್ತವೆ. ತಪಾಸಣಾ ಶಿಬಿರದಲ್ಲಿ ಚೀಟಿ ಹಿಡಿದು ನಿಂತವರ ಪ್ರಶ್ನೆ ತಿರುವುಮುರುವು: ಪಾಸಿಟಿವ್ ಬಂದಿದೆ, ಹಾಗಾದರೆ ನನಗೆ ರೋಗ ಇರುವ ಸಂಭವ ಎಷ್ಟು? ಹೀಗೆ ತಿರುಗಿಸುವ ನಿಯಮ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯದು. ಅವನು ತೀರಿಕೊಂಡ ಮೇಲೆ, 1763ರಲ್ಲಿ ಅಚ್ಚಾಯಿತು. ಸೂತ್ರ ಬಾಯಿಪಾಠ ಮಾಡುವ ಬದಲು ಕವಲು ಚಿತ್ರ ಬರೆದುಕೊಂಡರೆ ತಪ್ಪುವ ಸಂಭವ ಕಡಿಮೆ.

ಹಂಸಭಾವಿ ಮತ್ತು ಹಿರೇಕೆರೂರು ಕಡೆಯ ಹಳ್ಳಿಗಳಿಂದ ಒಂದು ಲಕ್ಷ ವಯಸ್ಕರನ್ನು ತಪಾಸಣೆಗೆ ಕರೆದರು ಎಂದುಕೊಳ್ಳೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿನೈದು ದಾಟಿದವರಲ್ಲಿ ಲಕ್ಷಕ್ಕೆ 316 ಮಂದಿಗೆ ಶ್ವಾಸಕೋಶದ ಕ್ಷಯ ಕಂಡಿತ್ತು. ಅದು ದೇಶದ ಸರಾಸರಿ. ನಮ್ಮ ಲೆಕ್ಕಕ್ಕೆ 300 ಸಾಕು. ಮೊದಲ ಹಂತ ಎದೆಯ ಎಕ್ಸ್‌-ರೇ. ಈಗೀಗ ಕೈಯಲ್ಲಿ ಹಿಡಿಯುವಂಥ ಯಂತ್ರವೇ ಊರಿಗೆ ಬರುತ್ತದೆ. ಅದರ ಚಿತ್ರದಲ್ಲಿ ಏನೇ ಏರುಪೇರು ಕಂಡರೂ ಅನುಮಾನ ಎಂದು ಎಣಿಸಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರೋಗಿಗಳಲ್ಲಿ ನೂರಕ್ಕೆ 94 ಮಂದಿ ಸಿಗುತ್ತಾರೆ, ಉಳಿದವರಲ್ಲಿ ನೂರಕ್ಕೆ 89 ಮಂದಿ ಸರಿಯಾಗಿ ಹೊರಬೀಳುತ್ತಾರೆ. ಎರಡನ್ನೂ 90 ಎಂದಿಟ್ಟುಕೊಂಡರೆ ಲೆಕ್ಕ ಸಲೀಸು. ಎಕ್ಸ್‌-ರೇಯಲ್ಲಿ ಅನುಮಾನ ಬಂದವರ ಕಫ ಮಾತ್ರ ಟ್ರೂನಾಟ್‌ಗೆ ಹೋಗುತ್ತದೆ.

```
1,00,000
├─ ಕ್ಷಯ ಇದೆ: 300
│   ├─ ಎಕ್ಸ್-ರೇ ಅನುಮಾನ: 270
│   │   ├─ ಟ್ರೂನಾಟ್ ಪಾಸಿಟಿವ್: 216
│   │   └─ ಟ್ರೂನಾಟ್ ನೆಗೆಟಿವ್: 54
│   └─ ಎಕ್ಸ್-ರೇ ಸ್ವಚ್ಛ: 30
└─ ಕ್ಷಯ ಇಲ್ಲ: 99,700
    ├─ ಎಕ್ಸ್-ರೇ ಅನುಮಾನ: 9,970
    │   ├─ ಟ್ರೂನಾಟ್ ಪಾಸಿಟಿವ್: 399
    │   └─ ಟ್ರೂನಾಟ್ ನೆಗೆಟಿವ್: 9,571
    └─ ಎಕ್ಸ್-ರೇ ಸ್ವಚ್ಛ: 89,730
```

ಚಿತ್ರವನ್ನು ಬರೆಯುವುದು ಬುಡದಿಂದ ತುದಿಗೆ, ಓದುವುದು ತುದಿಯಿಂದ. ಎರಡೂ ಹಂತದಲ್ಲಿ ಪಾಸಿಟಿವ್ ಬಂದವರು ಎರಡು ತುದಿಗಳಲ್ಲಿದ್ದಾರೆ: 216 ಮತ್ತು 399, ಒಟ್ಟು 615. ಅವರಲ್ಲಿ ನಿಜವಾದ ರೋಗಿಗಳ ಪಾಲು 216 ÷ 615, ಅಂದರೆ ನೂರಕ್ಕೆ 35. ಬೇಯ್ಸ್ ನಿಯಮ ಇಷ್ಟೇ. ನಮಗೆ ಬೇಕಾದ ತುದಿಯನ್ನು ಅದೇ ಫಲಿತಾಂಶದ ಎಲ್ಲ ತುದಿಗಳ ಮೊತ್ತದಿಂದ ಭಾಗಿಸಬೇಕು.

ನೂರಕ್ಕೆ 96 ಸರಿ ಹೇಳುವ ಯಂತ್ರ ಎಂದು ಕೇಳಿದವರಿಗೆ 35 ಎಂದರೆ ನಿರಾಸೆಯಾಗಬಹುದು. ಯಂತ್ರದ ತಪ್ಪು ಇಲ್ಲಿ ಹೆಚ್ಚೇನಿಲ್ಲ. ಆರೋಗ್ಯವಂತರು ಅಷ್ಟೊಂದು ಜನ ಇರುವುದರಿಂದ ಅವರಲ್ಲಿ ನೂರಕ್ಕೆ ನಾಲ್ಕರ ತಪ್ಪೂ ದೊಡ್ಡ ರಾಶಿಯಾಗುತ್ತದೆ. ಎಕ್ಸ್‌-ರೇ ಬಿಟ್ಟು ಲಕ್ಷ ಜನರ ಕಫವನ್ನೂ ನೇರ ಯಂತ್ರಕ್ಕೆ ಹಾಕಿದ್ದರೆ 240 ನಿಜದ ಜೊತೆ 3,988 ಸುಳ್ಳು ಪಾಸಿಟಿವ್ ಬಂದು, ಚೀಟಿಯ ಬೆಲೆ ನೂರಕ್ಕೆ ಆರರಷ್ಟೂ ಇರುತ್ತಿರಲಿಲ್ಲ. ಅದೇ, ವಾರಗಟ್ಟಲೆ ಕೆಮ್ಮಿ, ತೂಕ ಇಳಿದು, ತಾವಾಗಿಯೇ ಆಸ್ಪತ್ರೆಗೆ ಬಂದವರನ್ನು ತೆಗೆದುಕೊಳ್ಳಿ. ಅಂಥವರಲ್ಲಿ ಹತ್ತಕ್ಕೆ ಒಬ್ಬರಿಗೆ ಕ್ಷಯ ಇದೆ ಎಂದಿಟ್ಟುಕೊಂಡರೆ ಅದೇ ಯಂತ್ರದ ಅದೇ ಪಾಸಿಟಿವ್ ನೂರಕ್ಕೆ 69ರ ತೂಕದ್ದಾಗುತ್ತದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಪಾಸಿಟಿವ್ ತುದಿಗಳಲ್ಲ, ಮಧ್ಯದ ನೆಗೆಟಿವ್ ತುದಿಗಳು. ಎಕ್ಸ್‌-ರೇಯಲ್ಲಿ ಮಸುಕು ಕಂಡು, ಟ್ರೂನಾಟ್‌ನಲ್ಲಿ ನೆಗೆಟಿವ್ ಬಂದ ಒಬ್ಬ ರೈತ ಮಹಿಳೆಯ ಮನೆಗೆ ಆಶಾ ಕಾರ್ಯಕರ್ತೆ ಮತ್ತೆ ಕಫದ ಡಬ್ಬಿ ಹಿಡಿದು ಬಂದಳು ಎಂದುಕೊಳ್ಳಿ. "ನೆಗೆಟಿವ್ ಬಂದೈತಲ್ರೀ ಅಕ್ಕಾರ, ಇನ್ನ್ಯಾಕ ಕಫ ಕೇಳ್ತೀರಿ?" ಎಂದು ಆಕೆ ಕೇಳಿಯೇ ಕೇಳುತ್ತಾಳೆ. ಉತ್ತರ ಕವಲಿನಲ್ಲಿದೆ. ಆಕೆ ನಿಂತಿರುವ ಗುಂಪು 54 ಮತ್ತು 9,571 ಸೇರಿದ 9,625 ಮಂದಿಯದು. ಅದರಲ್ಲಿ ರೋಗ ಇರುವುದು ಸುಮಾರು 178 ಜನರಿಗೆ ಒಬ್ಬರಿಗೆ. ಶಿಬಿರಕ್ಕೆ ಹೊರಟಾಗ ಆಕೆಯ ಪಾಲಿಗಿದ್ದದ್ದು 333ಕ್ಕೆ ಒಂದು. ಅಂದರೆ ನೆಗೆಟಿವ್ ಚೀಟಿ ಕೈಗೆ ಬಂದ ಮೇಲೆ ಸಂಭವ ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾಗಿದೆ! ಎಕ್ಸ್‌-ರೇ ಮಸುಕು ಸಂಭವವನ್ನು 38ಕ್ಕೆ ಒಂದಕ್ಕೆ ಏರಿಸಿತ್ತು. ಟ್ರೂನಾಟ್ ಅದನ್ನು ಇಳಿಸಿತು, ಮೊದಲಿದ್ದಲ್ಲಿಗೆ ಮುಟ್ಟಿಸಲಿಲ್ಲ. ಎಕ್ಸ್‌-ರೇಯೇ ಸ್ವಚ್ಛ ಬಂದ ನೆರೆಮನೆಯವಳ ಸ್ಥಿತಿ ಬೇರೆ: ಸುಮಾರು 3,000ಕ್ಕೆ ಒಂದು. ಇಬ್ಬರೂ ಊರಲ್ಲಿ "ನನಗೇನಿಲ್ಲಂತ" ಎಂದೇ ಹೇಳುತ್ತಾರೆ. ಹಾಗೆಂದು 178ಕ್ಕೆ ಒಂದು ಎಂದರೆ ಗಾಬರಿಪಡುವಂಥದ್ದಲ್ಲ, ಮಾತ್ರೆ ಶುರುಮಾಡುವಂಥದ್ದೂ ಅಲ್ಲ. ಕೆಮ್ಮು ನಿಲ್ಲದಿದ್ದರೆ ಇನ್ನೊಮ್ಮೆ ಕಫ ಕೊಡಲು ಸಾಕಷ್ಟು ಕಾರಣ ಹೌದು.

ಹಂತ ಹೆಚ್ಚಿದಂತೆ ತಪ್ಪಿಹೋಗುವವರೂ ಹೆಚ್ಚುತ್ತಾರೆ. ಇಲ್ಲಿ ಎಕ್ಸ್‌-ರೇ 30, ಟ್ರೂನಾಟ್ 54, ಒಟ್ಟು 84 ರೋಗಿಗಳನ್ನು ಬಿಟ್ಟಿತು. ಕಫವೇ ಬಾರದೆ ಉಗುಳು ಕೊಟ್ಟು ಹೋದವರ ಕವಲನ್ನು ನಾನು ಬರೆದೇ ಇಲ್ಲ. ಶಿಬಿರ ನಡೆಸುವವರನ್ನು ಕೇಳಿದರೆ ಮೊದಲು ಹೇಳುವ ತೊಂದರೆ ಅದೇ ಇರಬಹುದು.

ಇನ್ನೊಂದು ಎಚ್ಚರ. ಎರಡನೆಯ ಹಂತದ ಕವಲುಗಳ ಮೇಲೆ 80 ಮತ್ತು 96 ಎಂದು ಸಲೀಸಾಗಿ ಬರೆದೆವು, ಎಕ್ಸ್‌-ರೇ ಏನೇ ಹೇಳಿದ್ದರೂ ಟ್ರೂನಾಟ್ ತಪ್ಪುವ ಪ್ರಮಾಣ ಒಂದೇ ಎಂಬಂತೆ. ವಾಸ್ತವದಲ್ಲಿ ಎರಡೂ ಪರೀಕ್ಷೆ ಕೆಲವೊಮ್ಮೆ ಒಂದೇ ಕಾರಣಕ್ಕೆ ಒಟ್ಟಿಗೆ ತಪ್ಪುತ್ತವೆ. ಹಿಂದೆ ಕ್ಷಯವಾಗಿ ಗುಣಮುಖರಾದವರ ಶ್ವಾಸಕೋಶದಲ್ಲಿ ಕಲೆ ಉಳಿದಿರುತ್ತದೆ, ಎಕ್ಸ್‌-ರೇ ಅದನ್ನು ಅನುಮಾನ ಎನ್ನುತ್ತದೆ. ಅವರ ಕಫದಲ್ಲಿ ಸತ್ತ ರೋಗಾಣುವಿನ ಡಿಎನ್‌ಎ ಇನ್ನೂ ಇದ್ದರೆ ಟ್ರೂನಾಟ್‌ಗೆ ಸತ್ತದ್ದು ಬದುಕಿದ್ದು ಗೊತ್ತಾಗುವುದಿಲ್ಲ. ಅಂಥವರ ಕವಲಿನಲ್ಲಿ ಸುಳ್ಳು ಪಾಸಿಟಿವ್ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ಆದ್ದರಿಂದ ಪ್ರತಿ ಕವಲಿನ ಮೇಲೆ ಬರೆಯಬೇಕಾದ ಅಂಕಿ ಯಂತ್ರದ ಪೆಟ್ಟಿಗೆಯದಲ್ಲ, ಆ ಕವಲಿಗೆ ಬಂದು ತಲುಪಿದ ಜನರದು.

ಇಂಥವರನ್ನು ಪತ್ತೆ ಮಾಡುವ ಮೊದಲ ದಾರಿಗೆ ಖರ್ಚಿಲ್ಲ: "ಯಜಮಾನ್ರ, ಹಿಂದ ಎಂದಾರ ಟಿಬಿ ಮಾತ್ರೆ ತಗೊಂಡಿದ್ರೇನು?" ಎಂದು ಕೇಳುವುದು. ಹೌದೆಂದರೆ ಅವರಿಗಾಗಿ ಬೇರೆಯೇ ಚಿತ್ರ ಬರೆಯಬೇಕು. ಅದೇ ಕಫವನ್ನು ಅದೇ ಯಂತ್ರಕ್ಕೆ ಮತ್ತೆ ಹಾಕಿ ಎರಡನೆಯ ಪಾಸಿಟಿವ್ ಪಡೆದರೆ ಹೊಸದೇನೂ ತಿಳಿಯದು, ಸತ್ತ ಡಿಎನ್‌ಎ ಎರಡನೆಯ ಸಲವೂ ಸಿಗುತ್ತದೆ. ಮೂರನೆಯ ಹಂತಕ್ಕೆ ಬೇರೆ ಬಗೆಯಲ್ಲಿ ತಪ್ಪುವ ಪರೀಕ್ಷೆಯೇ ಬೇಕು. ಕಲ್ಚರ್ ಅಂಥದ್ದು, ಅದರಲ್ಲಿ ಜೀವಂತ ಕ್ಷಯಾಣು ಮಾತ್ರ ಬೆಳೆಯುತ್ತದೆ. ಆದರೆ ದ್ರವ ಕಲ್ಚರಿನಲ್ಲೂ ಬೆಳೆದಿಲ್ಲ ಎಂದು ಹೇಳಲು 42 ದಿನ ಕಾಯಬೇಕು. ಅಲ್ಲಿಯವರೆಗೆ ಔಷಧ ಕೊಡಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುವುದು, ಲಕ್ಷಣ ನೋಡಿ, ಹಳೆಯ ಎಕ್ಸ್‌-ರೇ ಪಕ್ಕದಲ್ಲಿ ಹೊಸದನ್ನು ಹಿಡಿದು.